ಬಯೋದಲ್ಲಿ ಭಾಷೆಗಳ ಸಾಲು: ಬರೆಯುವ ನಾಲ್ಕು ರೀತಿಗಳಲ್ಲಿ ಯಾವುದು ಯಾರಿಗೆ?

ಮುಂಬಯಿ, ಪುಣೆ, ಗೋವಾದಲ್ಲಿ ಬೆಳೆದ ಕನ್ನಡಿಗರ ಬಯೋ ಓದಿದರೆ ಭಾಷೆಗಳ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಜೊತೆಗೆ ಕಲಿತದ್ದೊಂದು ವಿದೇಶಿ ಭಾಷೆ. ಕೊನೆಗೆ ‘ಎಲ್ಲದರಲ್ಲೂ ಪ್ರಾವೀಣ್ಯ’ ಎಂಬ ಮಾತು. ಹೀಗೆ ಬರೆದವರು ಬೇಕೆಂದು ಸುಳ್ಳು ಹೇಳಿರುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಆಡಿಕೊಂಡೇ ಅವರು ದೊಡ್ಡವರಾಗಿದ್ದಾರೆ. ತೊಂದರೆ ಏನೆಂದರೆ ಒಂದೊಂದು ಭಾಷೆಯೂ ಒಂದೊಂದು ಜಾಗದಲ್ಲಿ ಮಾತ್ರ ಬೆಳೆದಿರುತ್ತದೆ. ಮಾತಿನಲ್ಲಿ ಗಟ್ಟಿಯಾದದ್ದು ಬರಹದಲ್ಲಿ ಸೊನ್ನೆ ಇರಬಹುದು. ದಿನವೂ ಓದುವ ಭಾಷೆಯಲ್ಲಿ ಫೋನ್ ಬಂದರೆ ನಾಲಿಗೆ ಹೊರಳದೆ ಹೋಗಬಹುದು. ಈ ಏರುಪೇರನ್ನು ತೋರಿಸುವ ಸಾಲು ಪ್ರಾಮಾಣಿಕ, ಮುಚ್ಚುವ ಸಾಲು ಅಲ್ಲ.

ಬರೆಯಲು ಚಾಲ್ತಿಯಲ್ಲಿರುವ ರೀತಿಗಳು ನಾಲ್ಕು: ನಮ್ಮ ಬಯೋಡೇಟಾದ ಹಳೆಯ ಟಿಕ್ ಪಟ್ಟಿ, ಲಿಂಕ್ಡ್‌ಇನ್‌ನ ಐದು ಮೆಟ್ಟಿಲು, ಯುರೋಪಿನ ಎ1–ಸಿ2 ಅಳತೆ, ಮತ್ತು ಆ ಭಾಷೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ವಾಕ್ಯದಲ್ಲೇ ಹೇಳುವುದು. ಇವನ್ನು ಹೋಲಿಸಲು ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ.

ಚಿಂಚವಡದಲ್ಲಿ ಇರುವ ಒಬ್ಬಾಕೆ. ತಂದೆ-ತಾಯಿ ಧಾರವಾಡ ಕಡೆಯವರು, ಮನೆಯಲ್ಲಿ ಅಪ್ಪಟ ಧಾರವಾಡ ಕನ್ನಡ. ಹತ್ತನೆಯ ತರಗತಿವರೆಗೆ ಮರಾಠಿ ಮಾಧ್ಯಮ, ಆಮೇಲೆ ಇಂಗ್ಲಿಷಿನಲ್ಲಿ ಇಂಜಿನಿಯರಿಂಗ್. ಪುಣೆಯ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಜರ್ಮನ್ ಕಲಿತು 2017ರಲ್ಲಿ ಅಲ್ಲಿಯ ಗೋಥೆ ಪರೀಕ್ಷೆಯ ಬಿ2 ಮಟ್ಟ ಪಾಸಾಗಿದ್ದಾರೆ. ಈಗ ಸ್ವತಂತ್ರವಾಗಿ ದುಡಿಯುತ್ತಾರೆ: ಜರ್ಮನ್ ಯಂತ್ರಗಳ ಕೈಪಿಡಿಯನ್ನು ಇಂಗ್ಲಿಷಿಗೆ ತರುವುದು ಒಂದು ಕೆಲಸ, ಕಂಪನಿಗಳ ಪರವಾಗಿ ಗ್ರಾಹಕರನ್ನೂ ಕಾರ್ಮಿಕರನ್ನೂ ಸಂದರ್ಶಿಸುವುದು ಇನ್ನೊಂದು. ಅವರ ಬಯೋದಲ್ಲಿ ಸದ್ಯಕ್ಕೆ ಇರುವುದು ‘ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲಿ ಪ್ರಾವೀಣ್ಯ’ ಎಂಬ ಒಂದೇ ಸಾಲು. ಇದನ್ನು ನಂಬಿ ಗಿರಾಕಿಯೊಬ್ಬರು ಬೆಳಗಾವಿಯ ಕಾರ್ಖಾನೆಗಾಗಿ ಇಪ್ಪತ್ತು ಪುಟದ ಸುರಕ್ಷತಾ ಸೂಚನೆಗಳನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ಕಳಿಸಿದರೆ? ಈಕೆ ಕನ್ನಡ ಬರೆಯುವುದು ವಾಟ್ಸಾಪ್‌ನಲ್ಲಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಒಪ್ಪಿಕೊಂಡರೆ ಕೆಲಸ ಕೆಡುತ್ತದೆ. ಒಲ್ಲೆ ಎಂದರೆ ಉಳಿದ ನಾಲ್ಕು ಭಾಷೆಗಳ ಮೇಲೂ ಗಿರಾಕಿಗೆ ಅನುಮಾನ ಬರುತ್ತದೆ.

ಮೊದಲು ಅಳೆದುಕೊಳ್ಳುವುದು

ಯಾವ ರೀತಿ ಆಯ್ದುಕೊಂಡರೂ ಒಳಗೆ ತುಂಬುವ ಸರಕು ನಿಮ್ಮಲ್ಲೇ ಇರಬೇಕು. ಪ್ರತಿ ಭಾಷೆಗೂ ಒಂದು ಸಂಜೆ ಕೊಟ್ಟರೆ ಸಾಕು.

ಬರಹದಿಂದ ಶುರು ಮಾಡಿ. ಹೆಚ್ಚಿನವರ ಅಂದಾಜು ತಪ್ಪುವುದು ಅಲ್ಲೇ. ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಒಂದು ಪತ್ರ, ಉದಾಹರಣೆಗೆ ತಡವಾದ ಕೆಲಸಕ್ಕೆ ಕಾರಣ ಕೊಟ್ಟು ಹೊಸ ದಿನಾಂಕ ಕೇಳುವ ಪತ್ರ, ಇನ್ನೂರು ಪದದಷ್ಟು, ಅರ್ಧ ಗಂಟೆಯಲ್ಲಿ, ನಿಘಂಟು ನೋಡದೆ, ಆ ಭಾಷೆಯ ಲಿಪಿಯಲ್ಲೇ ಟೈಪ್ ಮಾಡಿ. ಕೀಬೋರ್ಡ್ ಪದ ಸೂಚಿಸುವುದನ್ನು ಆಫ್ ಮಾಡಿರಿ. ಆಮೇಲೆ ಆ ಭಾಷೆಯಲ್ಲಿ ದಿನವೂ ಬರೆಯುವ ಒಬ್ಬರಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಇದು ಹೀಗೇ ಹೋಗಬಹುದೇ, ಸಣ್ಣಪುಟ್ಟ ತಿದ್ದಿದರೆ ಹೋದೀತೇ, ಇಲ್ಲ ಹೊಸದಾಗಿ ಬರೆಯಬೇಕೇ? ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಸಂಕೋಚಕ್ಕೆ ಯಾರೂ ಹೌದೆನ್ನುತ್ತಾರೆ. ಮೊದಲ ಉತ್ತರ ಬಂದರೆ ಆ ಭಾಷೆಯ ಬರಹವನ್ನು ಧೈರ್ಯವಾಗಿ ಮಾರಬಹುದು. ಎರಡನೆಯದಾದರೆ ‘ಬರಹಕ್ಕೆ ತಿದ್ದುವವರು ಬೇಕು’ ಎಂದು ಬಯೋದಲ್ಲಿ ಹೇಳಬೇಕು. ಮೂರನೆಯದಾದರೆ ಬರಹವನ್ನು ಪಟ್ಟಿಗೆ ಸೇರಿಸಲೇಬಾರದು.

ಮಾತಿಗೆ ಐದು ನಿಮಿಷದ ರೆಕಾರ್ಡಿಂಗ್. ನಿಮ್ಮ ಕೆಲಸವನ್ನು ಗೊತ್ತಿಲ್ಲದವರಿಗೆ ವಿವರಿಸುತ್ತಿದ್ದೀರಿ ಎಂದುಕೊಂಡು ಮಾತಾಡಿ, ಮರುದಿನ ಕೇಳಿ. ಮಷೀನ್, ಪ್ರೆಶರ್, ಲೋನ್, ರಿಪೋರ್ಟ್ ಎಂಬ ಇಂಗ್ಲಿಷ್ ಹೆಸರುಗಳು ಬಂದರೆ ಚಿಂತೆಯಿಲ್ಲ, ಎಲ್ಲರೂ ಹಾಗೇ ಆಡುವುದು. ಗಮನಿಸಬೇಕಾದದ್ದು ವಾಕ್ಯಗಳನ್ನು ಜೋಡಿಸುವ ಪದಗಳನ್ನು. ‘ಬಿಕಾಸ್’, ‘ಆಕ್ಚುವಲಿ’, ‘ಡಿಪೆಂಡ್ಸ್’ ಅಂದಾಗಲೆಲ್ಲ ಯೋಚನೆ ಆ ಭಾಷೆ ಬಿಟ್ಟು ಹೊರಗೆ ಹೋಗಿದೆ ಎಂದೇ ಅರ್ಥ. ಪುಣೆ-ಮುಂಬಯಿಯ ಕನ್ನಡದಲ್ಲಿ ಅದೇ ಜಾಗಕ್ಕೆ ಮರಾಠಿಯ ‘ಪಣ್’, ‘ಮ್ಹಣಜೇ’ ಬಂದು ಕೂರುತ್ತವೆ, ಆಡುವವರ ಕಿವಿಗೆ ಅದು ಬೀಳುವುದೂ ಇಲ್ಲ. ಮನೆಮಂದಿಯ ನಡುವೆ ಅದರಿಂದ ಯಾವ ನಷ್ಟವೂ ಇಲ್ಲ. ಹಾವೇರಿಯ ರೈತರ ಸಂದರ್ಶನಕ್ಕೆ ಹೋದಾಗ ಮಾತ್ರ ಎದುರಿನವರು ತಡೆದು ತಡೆದು ಕೇಳುತ್ತಾರೆ.

ಓದಿಗೆ ಬ್ಯಾಂಕಿನ ಸಾಲದ ಕರಾರು ಅಥವಾ ಸರ್ಕಾರಿ ಸುತ್ತೋಲೆಯ ಒಂದು ಪುಟ. ಹತ್ತು ನಿಮಿಷ ಓದಿ, ಅದರಲ್ಲಿನ ಷರತ್ತುಗಳನ್ನೆಲ್ಲ ಬೇರೊಂದು ಭಾಷೆಯಲ್ಲಿ ಹೇಳಿ, ಮತ್ತೆ ಪುಟಕ್ಕೆ ತಾಳೆ ಹಾಕಿ. ‘ಹೊರತು’, ‘ಮೀರದಂತೆ’ ಎಂಬಂಥ ಪದಗಳು ತಪ್ಪಿಹೋಗಿದ್ದರೆ ವಿಷಯ ತಿಳಿಯುವಷ್ಟು ಓದು ಇದೆ, ಕೆಲಸಕ್ಕಾಗುವಷ್ಟು ಇಲ್ಲ. ಇಲ್ಲಿ ದೇವನಾಗರಿ ಒಂದು ಮೋಸ ಮಾಡುತ್ತದೆ. ಮರಾಠಿ ಶಾಲೆಯಲ್ಲಿ ಓದಿದವರು ಹಿಂದಿ, ಕೊಂಕಣಿ ಎರಡನ್ನೂ ಗಟ್ಟಿಯಾಗಿ ಓದಿಬಿಡುತ್ತಾರೆ. ಅಕ್ಷರ ಬಾಯಿಗೆ ಬಂದದ್ದನ್ನೇ ಅರ್ಥವಾದದ್ದು ಎಂದುಕೊಂಡು ಓದಿಗೆ ಟಿಕ್ ಹಾಕುತ್ತಾರೆ.

ಕೇಳುವುದನ್ನು ಪರೀಕ್ಷಿಸಲು ನಿಮ್ಮ ಮನೆಯ ಕನ್ನಡದಿಂದ ದೂರದ ಕನ್ನಡ ಬೇಕು. ಧಾರವಾಡದವರು ಮಂಗಳೂರಿನ ಮಾತು ಕೇಳಿ, ಮಂಗಳೂರಿನವರು ಕಲಬುರ್ಗಿಯದು ಕೇಳಿ.

ನಮ್ಮ ಉದಾಹರಣೆಯ ಮಹಿಳೆ ಹೀಗೆ ಅಳೆದುಕೊಂಡರೆ ಸಿಗುವ ಚಿತ್ರ ಇದು. ಮರಾಠಿ ನಾಲ್ಕರಲ್ಲೂ ಗಟ್ಟಿ, ಪತ್ರ ಇದ್ದಂತೇ ಹೋಗುತ್ತದೆ. ಕನ್ನಡದ ಮಾತು ಸಲೀಸು, ಓದು ಬೆರಳಿಟ್ಟುಕೊಂಡು, ಬರಹ ಇಲ್ಲ. ಹಿಂದಿ ಮಾತು-ಓದಿಗೆ ಅಡ್ಡಿಯಿಲ್ಲ, ಬರೆದರೆ ಲಿಂಗ-ವಚನ ತಪ್ಪುತ್ತದೆ. ಇಂಗ್ಲಿಷ್ ಕೆಲಸದ ಬರಹಕ್ಕೆ ಪೂರ್ತಿ ಸಾಲುತ್ತದೆ. ಜರ್ಮನ್ ತಾಂತ್ರಿಕ ಓದು 2017ಕ್ಕಿಂತ ಈಗ ಎಷ್ಟೋ ಚುರುಕು, ದಿನವೂ ಅದೇ ಕೆಲಸ. ಆದರೆ ಮಾತು ಬಳಕೆಯಿಲ್ಲದೆ ತುಕ್ಕು ಹಿಡಿದಿದೆ.

ಟಿಕ್ ಪಟ್ಟಿ

ಓದಲು, ಬರೆಯಲು, ಮಾತಾಡಲು ಎಂಬ ಮೂರು ಅಂಕಣಗಳ ಪಟ್ಟಿಯನ್ನು ನಮ್ಮಲ್ಲಿ ಹಳೆಯ ಕಾಲದ್ದು ಎಂದು ತೆಗೆದುಹಾಕುತ್ತಾರೆ. ಅದು ತಪ್ಪೆಂದೇ ನನ್ನ ಅಭಿಪ್ರಾಯ. ಹೊರನಾಡ ಕನ್ನಡಿಗರ ಮುಖ್ಯ ಸಂಗತಿಯನ್ನು, ಅಂದರೆ ಮಾತಾಡುತ್ತೇನೆ ಆದರೆ ಬರೆಯಲಾರೆ ಎಂಬುದನ್ನು, ಯಾವ ವಿವರಣೆಯೂ ಇಲ್ಲದೆ ಹೇಳುವುದು ಅದೊಂದೇ. ಈಕೆಯ ಪಟ್ಟಿಯಲ್ಲಿ ಕನ್ನಡದ ಎದುರು ಬರಹದ ಚೌಕ ಖಾಲಿ ಬಿಟ್ಟಿದ್ದರೆ ಆ ಇಪ್ಪತ್ತು ಪುಟ ಬರುತ್ತಲೇ ಇರಲಿಲ್ಲ.

ಅದರ ಮಿತಿ ಎಂದರೆ ಟಿಕ್‌ಗೆ ಅಳತೆಯಿಲ್ಲ. ಕಾದಂಬರಿ ಬರೆಯುವವರಿಗೂ ಸಹಿ ಹಾಕುವವರಿಗೂ ಒಂದೇ ಗುರುತು. ಸರ್ಕಾರಿ ಅರ್ಜಿ, ಶಾಲೆ-ಆಸ್ಪತ್ರೆಯ ಕೆಲಸ, ಸಮಾಜಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ, ಇವಕ್ಕೆ ಇದು ಸಾಕು. ಕೊನೆಗೊಂದು ‘ಟೈಪಿಂಗ್’ ಅಂಕಣ ಸೇರಿಸಿದರೆ ಇನ್ನೂ ಉಪಯೋಗ. ಕನ್ನಡ ಕೈಯಲ್ಲಿ ಬರೆದು ಫೋಟೊ ಕಳಿಸುವವರು ಬೇರೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡುವವರು ಬೇರೆ.

ಕೊಂಕಣಿಯವರು ಲಿಪಿಯನ್ನೂ ಬರೆಯಲೇಬೇಕು. ಗೋವಾದ 1987ರ ರಾಜಭಾಷಾ ಕಾಯ್ದೆಯ ಪ್ರಕಾರ ಕೊಂಕಣಿ ಎಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ. ಅಲ್ಲಿಯ ಕ್ರೈಸ್ತರಲ್ಲಿ ರೋಮನ್ ಲಿಪಿಯ ಬರಹವೂ ಧಾರಾಳ. ಕರಾವಳಿ ಕರ್ನಾಟಕದಿಂದ ಹೋಗಿ ಮಡಗಾಂವ್, ವಾಸ್ಕೊದಲ್ಲಿ ನೆಲೆಸಿದವರು ಕಲಿತದ್ದು ಕನ್ನಡ ಲಿಪಿಯ ಕೊಂಕಣಿ. ಬರೀ ‘ಕೊಂಕಣಿ: ಓದು, ಬರಹ, ಮಾತು’ ಎಂದರೆ ಪಣಜಿಯವರು ದೇವನಾಗರಿ ಎಂದೇ ತಿಳಿಯುತ್ತಾರೆ. ‘ಕೊಂಕಣಿ: ಮಾತು, ಓದು-ಬರಹ ಕನ್ನಡ ಲಿಪಿಯಲ್ಲಿ’ ಎಂದರೆ ಗೊಂದಲವಿಲ್ಲ.

ತುಳುವರದು ಇದಕ್ಕೆ ತಿರುಗುಮುರುಗು. ಮುಂಬಯಿಯ ಎಷ್ಟೋ ತುಳುವರು ಫಾರಂಗಳಲ್ಲಿ ಕನ್ನಡ ಬರೆದು ಬರೆದು ತುಳುವನ್ನು ಹೇಳುವುದನ್ನೇ ಬಿಟ್ಟಿದ್ದಾರೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಇಲ್ಲದ ಕಾರಣ ಎಷ್ಟೋ ಪಟ್ಟಿಗಳಲ್ಲಿ ಅದರ ಹೆಸರೂ ಇರುವುದಿಲ್ಲ. ಉಡುಪಿ, ಮಂಗಳೂರು ಕಡೆಯ ಸಂದರ್ಶನ, ಆಪ್ತಸಮಾಲೋಚನೆ, ಆರೋಗ್ಯ ಸಮೀಕ್ಷೆಗೆ ತುಳು ಮಾತಾಡುವವರೇ ಬೇಕು. ಇರುವ ಭಾಷೆಯನ್ನು ಬಿಡುವುದೂ ತಪ್ಪು ಮಾಹಿತಿಯೇ.

ಲಿಂಕ್ಡ್‌ಇನ್‌ನ ಐದು ಮೆಟ್ಟಿಲು

ಪ್ರೊಫೈಲಿನಲ್ಲಿ ಭಾಷೆ ಸೇರಿಸುವಾಗ ಈ ಐದರಲ್ಲಿ ಒಂದನ್ನು ಆರಿಸಬೇಕು:

```
Elementary proficiency
Limited working proficiency
Professional working proficiency
Full professional proficiency
Native or bilingual proficiency
```

ಈ ಹೆಸರುಗಳ ಮೂಲ ಅಮೆರಿಕ ಸರ್ಕಾರದ ಐಎಲ್‌ಆರ್ ಎಂಬ ಅಳತೆ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಮಟ್ಟಗಳು. ಅಲ್ಲಿ ಮಾತು, ಕೇಳುವಿಕೆ, ಓದು, ಬರಹಕ್ಕೆ ಬೇರೆ ಬೇರೆ ಅಂಕ ಕೊಡುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಎಲ್ಲ ಸೇರಿ ಒಂದೇ. ನಮ್ಮವರಿಗೆ ತೊಡಕಾಗುವುದು ಇಲ್ಲೇ. ಕನ್ನಡ ಹುಟ್ಟುಭಾಷೆ ಎಂಬ ಅಭಿಮಾನದಿಂದ ಕೊನೆಯ ಮೆಟ್ಟಿಲು ಒತ್ತುತ್ತಾರೆ. ಐಎಲ್‌ಆರ್‌ನ ಐದನೆಯ ಮಟ್ಟ ಎಂದರೆ ಆ ಭಾಷೆಯಲ್ಲಿ ಚೆನ್ನಾಗಿ ಓದಿದವರ ಹಿಡಿತ, ಮನೆಯಲ್ಲಿ ಆಡುವ ಮಾತಿನ ಸಲೀಸು ಅಲ್ಲ. ಓದುವ ಗಿರಾಕಿಯೂ ಹಾಗೇ ಅರ್ಥ ಮಾಡಿಕೊಳ್ಳುತ್ತಾರೆ.

ಒಂದೇ ಮೆಟ್ಟಿಲು ಆರಿಸುವ ಕಡ್ಡಾಯವಿದ್ದಾಗ ನಿಯಮ ಸರಳ: ನೀವು ಹಣಕ್ಕೆ ಮಾಡಿಕೊಡಲು ಸಿದ್ಧವಿರುವ ಕೆಲಸಗಳಲ್ಲಿ ಯಾವುದು ದುರ್ಬಲವೋ ಅದರ ಮಟ್ಟ ಹಾಕಿ. ಈಕೆ ಮರಾಠಿಗೆ ಕೊನೆಯ ಮೆಟ್ಟಿಲು, ಇಂಗ್ಲಿಷಿಗೆ ನಾಲ್ಕನೆಯದು ಆರಿಸಬಹುದು. ಕನ್ನಡದಲ್ಲಿ ಮಾರುವುದು ಸಂದರ್ಶನ ಮಾತ್ರ. ಆದರೂ ಪಟ್ಟಿ ನೋಡುವವರಿಗೆ ಅದು ಕಾಣುವುದಿಲ್ಲವಾದ್ದರಿಂದ ಮೂರನೆಯದಕ್ಕೆ ನಿಲ್ಲಿಸಿ, ಬರಹ ಇಲ್ಲ ಎಂಬುದನ್ನು ಪರಿಚಯದ ಭಾಗದಲ್ಲಿ ಬಿಡಿಸಿ ಹೇಳುವುದು ಕ್ಷೇಮ. ಹಿಂದಿಗೂ ಮೂರನೆಯದೇ. ಮಾತು ತುಕ್ಕು ಹಿಡಿದ ಜರ್ಮನ್‌ಗೆ ಅದೇ ಕಾರಣಕ್ಕೆ ಎರಡನೆಯದು. ಓದಿನ ಬಲ ಇದರಲ್ಲಿ ಮುಚ್ಚಿಹೋಗುತ್ತದೆ ಎಂಬುದು ನಿಜ, ಅದನ್ನೂ ಪರಿಚಯದಲ್ಲೇ ಎತ್ತಿಹಿಡಿಯಬೇಕು. ಒಟ್ಟಿನಲ್ಲಿ ಈ ರೀತಿ ಹುಡುಕುವವರ ಕಣ್ಣಿಗೆ ಬೀಳಲು ಒಳ್ಳೆಯದು, ಕೆಲಸ ಒಪ್ಪಿಸುವ ತೀರ್ಮಾನಕ್ಕೆ ಸಾಲದು.

ಎ1ರಿಂದ ಸಿ2

ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಈ ಅಳತೆ ವಿದೇಶಿ ಭಾಷೆ ಕಲಿತವರಿಗೆಲ್ಲ ಗೊತ್ತು: ಎ1 ಎಲ್ಲಕ್ಕಿಂತ ಕೆಳಗಿನ ಮಟ್ಟ, ಸಿ2 ಎಲ್ಲಕ್ಕಿಂತ ಮೇಲಿನದು. ಇದರ ಸ್ವಯಂ-ಮೌಲ್ಯಮಾಪನ ಪಟ್ಟಿಯಲ್ಲಿ ಐದು ಸಾಲು: ಕೇಳುವುದು, ಓದುವುದು, ಸಂಭಾಷಣೆ, ಒಬ್ಬರೇ ನಿಂತು ವಿವರಿಸುವುದು, ಬರೆಯುವುದು. ಬಿ2 ಎಂದರೆ ಆ ಭಾಷೆಯವರೊಂದಿಗೆ ಇಬ್ಬರಿಗೂ ಶ್ರಮವಾಗದಂತೆ ಮಾತಾಡಬಲ್ಲ ಮಟ್ಟ. ಸಿ1 ಎಂದರೆ ವೃತ್ತಿಯಲ್ಲೂ ಓದಿನಲ್ಲೂ ಬೇಕಾದಂತೆ ಬಳಸಬಲ್ಲ ಮಟ್ಟ. ಪ್ರಮಾಣಪತ್ರ ಇರುವ ಭಾಷೆಗೆ ಇದಕ್ಕಿಂತ ಒಳ್ಳೆಯ ರೀತಿ ಇಲ್ಲ, ಬೇರೆಯವರು ಅಳೆದುಕೊಟ್ಟ ಅಂಕ ಅದು.

ಆದರೆ ಪ್ರಮಾಣಪತ್ರ ಹೇಳುವುದು ಪರೀಕ್ಷೆಯ ದಿನದ ಸಂಗತಿ. ಗೋಥೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ, ಹಾಗಿದ್ದೂ ಎರಡು ವರ್ಷಕ್ಕಿಂತ ಹಳೆಯದನ್ನು ಒಪ್ಪದ ಸಂಸ್ಥೆಗಳು ಇವೆ. ಆದ್ದರಿಂದ ಇಸವಿ ಬಿಟ್ಟು ‘ಜರ್ಮನ್ ಬಿ2’ ಎಂದಷ್ಟೇ ಬರೆಯಬಾರದು. ‘ಗೋಥೆ ಬಿ2, 2017’ ಎಂದು ಬರೆದು, ಈಗಿನ ಸ್ಥಿತಿಯನ್ನು ಪಕ್ಕದಲ್ಲೇ ಹೇಳಬೇಕು. ಪರೀಕ್ಷೆಯಲ್ಲಿ ಏನಿತ್ತು ಎಂಬುದೂ ಮುಖ್ಯ. ಪುಣೆಯಲ್ಲಿ ಜಪಾನಿ ಕಲಿತವರು ಬರೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಪದ-ವ್ಯಾಕರಣ, ಓದು ಮತ್ತು ಕೇಳುವುದಷ್ಟೇ, ಮಾತಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ‘ಜಪಾನಿ ಎನ್2’ ಎಂಬ ಅದರ ಮಟ್ಟವನ್ನು ನಂಬಿ ಸಭೆಯಲ್ಲಿ ದುಭಾಷಿಯಾಗಿ ಕೂರಿಸಿದರೆ ಮೊದಲ ಐದು ನಿಮಿಷದಲ್ಲೇ ಕಷ್ಟ ಶುರುವಾಗುತ್ತದೆ. ತಪ್ಪು ಪರೀಕ್ಷೆಯದಲ್ಲ, ‘ಮಾತು ಪರೀಕ್ಷಿತವಲ್ಲ’ ಎಂದು ಬರೆಯದವರದು.

ಪರೀಕ್ಷೆ ಬರೆಯದೆ ನೀವೇ ಹಾಕಿಕೊಂಡ ಮಟ್ಟಕ್ಕೆ ‘ಸ್ವಂತ ಅಂದಾಜು’ ಎಂದು ಸೇರಿಸಿ. ಕನ್ನಡ, ಮರಾಠಿಗಳ ಮುಂದೆ ಸಿ2 ಎಂದು ಬರೆಯುವುದರಿಂದ ಇಲ್ಲಿಯ ಓದುಗರಿಗೆ ಏನೂ ತಿಳಿಯುವುದಿಲ್ಲ. ಯುರೋಪಿನ ಕಂಪನಿಗೆ ಅರ್ಜಿ ಹಾಕುವಾಗ ಮಾತ್ರ ಎಲ್ಲ ಭಾಷೆಗೂ ಒಂದೇ ಅಳತೆ ಇರಲಿ ಎಂದು ಬಳಸಬಹುದು.

ದುಭಾಷಿಗಳು ಒಂದು ಎಚ್ಚರ ವಹಿಸಬೇಕು. ಅವರ ಅಂತರರಾಷ್ಟ್ರೀಯ ಸಂಘ ಎಐಐಸಿ ಭಾಷೆಗಳನ್ನು ಎ, ಬಿ, ಸಿ ಎಂದೇ ವಿಂಗಡಿಸುತ್ತದೆ, ಆದರೆ ಅರ್ಥ ಪೂರ್ತಿ ಬೇರೆ. ಅಲ್ಲಿ ಎ ಎಂದರೆ ಹುಟ್ಟುಭಾಷೆ ಅಥವಾ ಅದಕ್ಕೆ ಸಮನಾದದ್ದು, ಉಳಿದವುಗಳಿಂದ ಅದಕ್ಕೆ ಅನುವಾದಿಸುತ್ತೀರಿ. ಬಿ ಹುಟ್ಟುಭಾಷೆಯಲ್ಲ, ಆದರೂ ಅದಕ್ಕೆ ಅನುವಾದಿಸಬಲ್ಲಿರಿ. ಸಿ ಪೂರ್ತಿ ಅರ್ಥವಾಗುತ್ತದೆ, ಅದರಿಂದ ಅನುವಾದಿಸುತ್ತೀರಿ, ಅದಕ್ಕೆ ಅಲ್ಲ. ಯುರೋಪಿನ ಅಳತೆಯಲ್ಲಿ ಎ ತೀರ ಕೆಳಗಿನದು, ಇಲ್ಲಿ ಅದೇ ಮೇಲಿನದು. ‘ಮರಾಠಿ ಎ, ಜರ್ಮನ್ ಬಿ2’ ಎಂದು ಒಂದೇ ಸಾಲಿನಲ್ಲಿ ಬೆರೆಸಿದರೆ ಓದಿದವರು ಮರಾಠಿ ಈಗಷ್ಟೇ ಕಲಿಯುತ್ತಿದ್ದೀರಿ ಎಂದುಕೊಳ್ಳುತ್ತಾರೆ. ‘ಅಷ್ಟಿಷ್ಟು ಬರುತ್ತದೆ’ ಎಂಬುದಕ್ಕೆ ಸಿ ಬಳಸುವುದೂ ತಪ್ಪು.

ಕೆಲಸವನ್ನೇ ಹೇಳುವ ವಾಕ್ಯ

ನಾಲ್ಕನೆಯ ರೀತಿಯೇ ಹೆಚ್ಚಿನವರಿಗೆ ಸರಿಹೊಂದುತ್ತದೆ. ಪ್ರತಿ ಭಾಷೆಯ ಮುಂದೆ ಗುಣವಾಚಕ ಬಿಟ್ಟು ಕ್ರಿಯಾಪದ ಇಡಿ: ಸಂದರ್ಶಿಸುತ್ತೇನೆ, ಅನುವಾದಿಸುತ್ತೇನೆ, ಕರಡು ತಿದ್ದುತ್ತೇನೆ, ತರಬೇತಿ ಕೊಡುತ್ತೇನೆ. ಅನುವಾದವಾದರೆ ಯಾವುದರಿಂದ ಯಾವುದಕ್ಕೆ ಎಂಬ ದಿಕ್ಕು ಇರಲೇಬೇಕು. ‘ಜರ್ಮನ್–ಇಂಗ್ಲಿಷ್ ಅನುವಾದ’ ಎಂದರೆ ಎರಡೂ ಕಡೆಗೆ ಎಂದೇ ಓದುತ್ತಾರೆ. ಮಾಡದ ಕೆಲಸವನ್ನೂ ಒಂದೆರಡು ಪದದಲ್ಲಿ ಹೇಳಿಬಿಡಿ. ಈಕೆಯ ಬಯೋ ಹೀಗಾಗುತ್ತದೆ:

> ಜರ್ಮನ್‌ನಿಂದ ಇಂಗ್ಲಿಷಿಗೆ ಯಂತ್ರೋಪಕರಣ ಕೈಪಿಡಿಗಳ ಅನುವಾದ (ಗೋಥೆ ಬಿ2, 2017, ಓದು ದಿನನಿತ್ಯದ ಕೆಲಸ, ಜರ್ಮನ್‌ನಲ್ಲಿ ಸಭೆ ನಡೆಸುವುದಿಲ್ಲ). ಮರಾಠಿಯಲ್ಲಿ ಸಂದರ್ಶನ, ವರದಿ, ಕರಡು ತಿದ್ದುವಿಕೆ. ಶಾಲೆಯ ಮಾಧ್ಯಮ ಮರಾಠಿ. ಕನ್ನಡ ಮನೆಮಾತು, ಧಾರವಾಡ ಕಡೆಯದು: ಸಂದರ್ಶನ ನಡೆಸಿ ಇಂಗ್ಲಿಷಿನಲ್ಲಿ ವರದಿ ಕೊಡುತ್ತೇನೆ, ಕನ್ನಡದಲ್ಲಿ ಬರೆದುಕೊಡುವುದಿಲ್ಲ. ಹಿಂದಿಯಲ್ಲಿ ಮಾತುಕತೆ ಮಾತ್ರ.

ಹಳೆಯ ಸಾಲಿಗಿಂತ ಇದು ಉದ್ದ, ಆದರೆ ಗಿರಾಕಿ ಮರುಪ್ರಶ್ನೆ ಕೇಳಬೇಕಾಗಿಲ್ಲ. ‘ಧಾರವಾಡ ಕಡೆಯದು’ ಎಂಬುದು ಅಲಂಕಾರಕ್ಕೆ ಬಂದದ್ದಲ್ಲ. ಹುಬ್ಬಳ್ಳಿ, ಬೆಳಗಾವಿಯಲ್ಲಿ ಸಂದರ್ಶನ ಇದ್ದವರಿಗೆ ಆ ಎರಡು ಪದಕ್ಕೇ ಬೆಲೆ. ಕೆಲಸ ಕಳೆದುಕೊಳ್ಳುವ ಭಯಕ್ಕೆ ‘ಬರೆದುಕೊಡುವುದಿಲ್ಲ’ ಎಂಬುದನ್ನು ಬಿಡಬೇಕೆನಿಸಬಹುದು. ಬರಹಕ್ಕೆ ಜೊತೆಗಾರರು ನಿಜಕ್ಕೂ ಇದ್ದರೆ ‘ಕನ್ನಡ ಬರಹ ಸಹೋದ್ಯೋಗಿಯಿಂದ’ ಎಂದು ಬರೆಯಿರಿ, ಅದು ಸತ್ಯವೂ ಹೌದು, ಬರುವ ಕೆಲಸವೂ ಉಳಿಯುತ್ತದೆ. ಜೊತೆಗಾರರಿಲ್ಲದೆ ಹಾಗೆ ಬರೆಯಬಾರದು.

ಜಾಗ ಸಾಲದ ಕಡೆ, ಸಮ್ಮೇಳನದ ಕರಪತ್ರದಲ್ಲೋ ಪುಸ್ತಕದ ಬೆನ್ನುಪುಟದಲ್ಲೋ, ಭಾಷೆಗಳ ಸಂಖ್ಯೆ ಕಡಿಮೆ ಮಾಡಿ, ವಿವರ ಕಡಿಮೆ ಮಾಡಬೇಡಿ. ಐದು ಭಾಷೆಯ ಹೆಸರಿಗಿಂತ ‘ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದ, ಕನ್ನಡ, ಮರಾಠಿಯಲ್ಲಿ ಸಂದರ್ಶನ’ ಎಂಬುದೇ ಹೆಚ್ಚು ಹೇಳುತ್ತದೆ.

ಬಯೋವನ್ನೇ ಹಲವು ಭಾಷೆಗಳಲ್ಲಿ ಹಾಕುವವರಿದ್ದಾರೆ. ಮರಾಠಿ ಬಯೋವನ್ನು ಈಕೆ ತಾವೇ ಬರೆದರೆ ಅದೇ ಒಂದು ಮಾದರಿ ಪುಟವಾಗುತ್ತದೆ. ಕನ್ನಡದ್ದನ್ನು ಬೇರೆಯವರಿಂದ ಬರೆಸಿ ಹಾಕಿದರೆ ಓದಿದವರು ಅದನ್ನು ಈಕೆಯ ಬರಹವೆಂದೇ ಎಣಿಸಿ ಮತ್ತೆ ಅದೇ ಇಪ್ಪತ್ತು ಪುಟ ಕಳಿಸುತ್ತಾರೆ. ಹಾಕಲೇಬೇಕಿದ್ದರೆ ಕೆಳಗೆ ‘ಕನ್ನಡಕ್ಕೆ ಬೇರೆಯವರು ಅನುವಾದಿಸಿದ್ದು’ ಎಂದು ಒಂದು ಸಾಲು ಸೇರಿಸಬೇಕು. ಅಳೆದುಕೊಳ್ಳುವ ಕೆಲಸವನ್ನು ವರ್ಷಕ್ಕೊಮ್ಮೆ ಮತ್ತೆ ಮಾಡಿ. ಬಳಸದ ಭಾಷೆಯಲ್ಲಿ ಮೊದಲು ಸೊರಗುವುದು ಮಾತು ಮತ್ತು ಬರಹ. ಓದು ಹೆಚ್ಚು ಕಾಲ ಉಳಿಯುತ್ತದೆ, ಹಾಗಾಗಿ ಓದಿ ನೋಡಿಕೊಂಡು ಎಲ್ಲವೂ ಹಾಗೇ ಇದೆ ಎಂದು ತೀರ್ಮಾನಿಸದೆ ಆ ಐದು ನಿಮಿಷದ ರೆಕಾರ್ಡಿಂಗನ್ನೂ ಮಾಡಿ.